ಮರೆಯಾದ ಕಣ್ಣು, ಊಹೆಯಿಲ್ಲದ ಚಿತ್ರ

ಫೋಟೊ ನೋಡಿ ಭಾವಚಿತ್ರ ಬರೆಯುವಾಗ ತಂಪು ಕನ್ನಡಕ, ಮಾಸ್ಕ್ ಅಥವಾ ಕೈ ಮರೆಮಾಡಿದ ಭಾಗವನ್ನು ಊಹಿಸಿ ತುಂಬಿದರೆ ಹೋಲಿಕೆ ಕೆಡುತ್ತದೆ. ಕಣ್ಣಿನ ಸಾಲು ತಲೆಯ ಎತ್ತರದ ಸುಮಾರು ಅರ್ಧಕ್ಕೆ ಬರುತ್ತದೆ ಎಂಬ ಅಳತೆ ಕಣ್ಣು ಎಲ್ಲಿದೆ ಎಂದಷ್ಟೇ ತಿಳಿಸುತ್ತದೆ. ರೆಪ್ಪೆ ಹೇಗೆ ಇಳಿಬಿದ್ದಿದೆ ಎಂಬುದನ್ನು ಅದು ಹೇಳದು.

ತೀರಿಹೋದ ಅಜ್ಜನ ಚಿತ್ರಕ್ಕೆಂದು ಮನೆಯವರು ಕಪ್ಪು ಕನ್ನಡಕದ ಫೋಟೊ ಕೊಟ್ಟರೆಂದುಕೊಳ್ಳೋಣ. ಫ್ರೇಮಿನ ಮೇಲೆ ಇಣುಕುವ ಹುಬ್ಬು, ಮೂಗು, ಕೆನ್ನೆಯ ಸುಕ್ಕುಗಳನ್ನು ಕಂಡಂತೆಯೇ ಮೊದಲು ಬರೆಯಬೇಕು. ಬಳಿಕ ಅದೇ ವಯಸ್ಸಿನ, ಮುಖ ಅದೇ ಕಡೆಗೆ ತಿರುಗಿರುವ ಇನ್ನೊಂದು ಫೋಟೊ ಕೇಳಬೇಕು. ಮದುವೆಯ ಆಲ್ಬಮ್ಮಿನಲ್ಲಿ ಅಂಥದ್ದು ಸಿಕ್ಕರೆ, ಎರಡರಲ್ಲೂ ಮೂಗಿನ ಉದ್ದ ಸರಿಹೊಂದುವಂತೆ ಗಾತ್ರ ಬದಲಿಸಿ, ಕಣ್ಣಿನ ಆಕಾರವನ್ನಷ್ಟೇ ತೆಗೆದುಕೊಳ್ಳಬೇಕು. ನೆರಳು ಮಾತ್ರ ಮೊದಲ ಫೋಟೊದ ಬೆಳಕಿನಂತೆಯೇ ಬೀಳಬೇಕು.

ಅರ್ಧ ಮುಖವನ್ನು ಕೈ ಮುಚ್ಚಿದ್ದರೆ, ಕಾಣುವ ಅರ್ಧವನ್ನೇ ಮಗುಚಿ ಹಾಕಬಾರದು. ಯಾರ ಮುಖದ ಎರಡು ಬದಿಯೂ ಒಂದೇ ಆಗಿರುವುದಿಲ್ಲ. ಹಾಗೆ ಬರೆದ ಚಿತ್ರ ಮನೆಯವರಿಗೇ ಅಪರಿಚಿತವಾಗಿ ಕಾಣುತ್ತದೆ.

ಬೇರೆ ಫೋಟೊ ಸಿಗದಿದ್ದರೆ ಮನೆಯವರಿಗೆ ತಿಳಿಸಿ, ಕನ್ನಡಕವನ್ನೇ ಬರೆಯಬೇಕು. ಕನ್ನಡಕದ ಅಜ್ಜ ಅಜ್ಜನೇ. ಊಹೆಯ ಕಣ್ಣಿನ ಅಜ್ಜ ಬೇರೆ ಯಾರೋ.