ನಿಮಗಿದು ಗೊತ್ತೇ? ಎರಡು ಅಂಕಿಗಳಿಂದ ಇಡೀ ಸ್ಕೋರ್ ಪಟ್ಟಿ

ಪ್ರೀಮಿಯರ್ ಲೀಗ್ ಪಂದ್ಯ ಶುರುವಾಗುವ ಮೊದಲೇ ಬ್ರಿಟನ್ನಿನ ಬುಕ್ಕಿಗಳು 0–0ಕ್ಕೆ ಇಷ್ಟು, 2–1ಕ್ಕೆ ಇಷ್ಟು ಎಂದು ಹತ್ತಾರು ಸ್ಕೋರುಗಳಿಗೆ ದರ ಹಾಕಿರುತ್ತಾರೆ. ‘ಎರಡೂ ತಂಡ ಗೋಲು ಹೊಡೆಯುತ್ತವೆಯೇ?’ ಎಂಬುದಕ್ಕೆ ಇನ್ನೊಂದು ದರ. ಇಷ್ಟೆಲ್ಲ ದರಗಳನ್ನು ಲೆಕ್ಕ ಹಾಕಲು ಬೇಕಾದದ್ದು ಮುಖ್ಯವಾಗಿ ಎರಡೇ ಅಂಕಿ ಎಂಬುದು ಗೊತ್ತೇ? ಪ್ರತಿ ತಂಡದಿಂದ ಸರಾಸರಿ ಎಷ್ಟು ಗೋಲು ನಿರೀಕ್ಷಿಸಬಹುದು ಎಂಬ ಅಂಕಿ ಅದು, ‘ಎಕ್ಸ್‌ಜಿ’ ಎನ್ನುತ್ತಾರೆ. ಆತಿಥೇಯರದ್ದು 1.6, ಎದುರಾಳಿಗಳದ್ದು 1.1 ಎಂದಿಟ್ಟುಕೊಳ್ಳಿ. ಕೊನೆಯವರೆಗೂ ಇದೇ ಪಂದ್ಯವನ್ನು ನೋಡೋಣ. (ನಮ್ಮ ದೇಶದಲ್ಲಿ 2025ರ ಕಾಯ್ದೆ ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಇಲ್ಲಿರುವುದು ಲೆಕ್ಕ ಮಾತ್ರ.)

ಸರಾಸರಿಯಿಂದ ಸ್ಕೋರಿಗೆ ಇಳಿಯುವ ಸೂತ್ರ ಫ್ರೆಂಚ್ ಗಣಿತಜ್ಞ ಪಾಯ್ಸನ್‌ನದು. 1837ರಲ್ಲಿ ಅದು ಬಂದ ಪುಸ್ತಕ ನ್ಯಾಯಾಲಯದ ತೀರ್ಪುಗಳ ಕುರಿತಾದದ್ದು! 1898ರಲ್ಲಿ ಸಂಖ್ಯಾಶಾಸ್ತ್ರಜ್ಞ ಬೋರ್ಟ್‌ಕೀವಿಚ್ ಅದನ್ನು ಪ್ರಶ್ಯದ ಸೇನೆಯಲ್ಲಿ ಕುದುರೆ ಒದ್ದು ಸತ್ತ ಸೈನಿಕರ ಲೆಕ್ಕಕ್ಕೆ ಬಳಸಿದ. ಅಪರೂಪಕ್ಕೆ, ಯಾವಾಗ ಬೇಕಾದರೂ ಆಗಬಹುದಾದ ಘಟನೆಗಳಿಗೆ ಈ ಸೂತ್ರ ಚೆನ್ನಾಗಿ ಒಗ್ಗುತ್ತದೆ. ಗೋಲು ಕೂಡ ಅಂಥದ್ದೇ.

‘ಎರಡೂ ತಂಡ ಗೋಲು’ ಎಂಬುದರ ಲೆಕ್ಕ ಶುರುವಾಗುವುದು ಗೋಲು ಹೊಡೆಯದಿರುವುದರಿಂದ. ಒಂದು ತಂಡ ಸೊನ್ನೆಯಲ್ಲೇ ಉಳಿಯುವ ಸಾಧ್ಯತೆಯನ್ನು ನೂರರಿಂದ ಕಳೆದರೆ ಕನಿಷ್ಠ ಒಂದು ಗೋಲು ಬರುವ ಸಾಧ್ಯತೆ ಸಿಗುತ್ತದೆ. 1.6ರ ತಂಡ ಸೊನ್ನೆಗೆ ನಿಲ್ಲುವುದು 20.2%, 1.1ರ ತಂಡ 33.3%. ಆದ್ದರಿಂದ:

```
(1 − e^−1.6) × (1 − e^−1.1) = 0.798 × 0.667 = 0.532
```

ಅಂದರೆ 53.2%. ಒಂದನ್ನು ಇದರಿಂದ ಭಾಗಿಸಿದರೆ 1.88. ಬುಕ್ಕಿ ತನಗೆಂದು ಏನೂ ಇಟ್ಟುಕೊಳ್ಳದಿದ್ದರೆ ಕೊಡಬೇಕಾದ ದರ ಇದು.

ಒಟ್ಟು ಗೋಲು ನಿರೀಕ್ಷೆ ಅಷ್ಟೇ ಇದ್ದರೂ ಈ ದರ ಪೂರ್ತಿ ಬದಲಾಗಬಲ್ಲದು! ನಮ್ಮ ಪಂದ್ಯದ ಒಟ್ಟು 2.7. ಅದನ್ನೇ 1.35, 1.35 ಎಂದು ಸಮನಾಗಿ ಹಂಚಿದರೆ ಎರಡೂ ತಂಡ ಗೋಲು ಹೊಡೆಯುವ ಸಾಧ್ಯತೆ ಸುಮಾರು 55%. 2.2 ಮತ್ತು 0.5 ಎಂದು ಹಂಚಿದರೆ 35%, ದರ 2.86ಕ್ಕೆ ಏರುತ್ತದೆ. ‘ಗೋಲುಗಳ ಸುರಿಮಳೆಯಾಗುವ ಪಂದ್ಯ, ಹಾಗಾಗಿ ಎರಡೂ ಕಡೆ ಗೋಲು ಖಚಿತ’ ಎನ್ನುವವರು ಮರೆಯುವುದು ಇದನ್ನೇ. ಇಲ್ಲಿ ದರವನ್ನು ಹೆಚ್ಚಾಗಿ ತೀರ್ಮಾನಿಸುವುದು ದುರ್ಬಲ ತಂಡದ ಅಂಕಿ.

ಆತಿಥೇಯರು ಗೆಲ್ಲುವ ಸಾಧ್ಯತೆ 49%, ಡ್ರಾ ಬರೀ 25%. ಆದರೂ ಅತಿ ಹೆಚ್ಚು ಸಾಧ್ಯತೆಯ ಸ್ಕೋರು ಯಾವುದು? 1–1! ಇವರ 1 ಗೋಲಿನ ಸಾಧ್ಯತೆ 32.3%, ಅವರದ್ದು 36.6%, ಗುಣಿಸಿದರೆ 11.8%, ದರ 8.45. 1–0ಕ್ಕೆ 10.8%, 2–1ಕ್ಕೆ 9.5%, 2–0ಕ್ಕೆ 8.6%. ಆತಿಥೇಯರ ಗೆಲುವು ಇಂಥ ಹತ್ತಾರು ಸ್ಕೋರುಗಳಲ್ಲಿ ಹಂಚಿಹೋಗುತ್ತದೆ, ಡ್ರಾ ಎರಡು ಮೂರರಲ್ಲೇ ಗುಂಪುಗೂಡುತ್ತದೆ. ಹಾಗಾಗಿ ‘1–1 ಆಗಬಹುದು’ ಎನ್ನುವ ಟಿವಿ ಪಂಡಿತ ತನ್ನ ಅತ್ಯುತ್ತಮ ಊಹೆಯಲ್ಲೂ ಎಂಟಕ್ಕೆ ಏಳು ಸಲ ತಪ್ಪುತ್ತಾನೆ. ಅದಕ್ಕೆ ಅವನನ್ನು ಬೈಯುವಂತಿಲ್ಲ.

ಈ ಗುಣಾಕಾರದಲ್ಲಿ ಒಂದು ತೂತಿದೆ. ಒಂದು ತಂಡದ ಗೋಲಿಗೂ ಇನ್ನೊಂದರ ಗೋಲಿಗೂ ಸಂಬಂಧವೇ ಇಲ್ಲ ಎಂದು ಅದು ನಂಬಿದೆ. ನಿಜವಾದ ಪಂದ್ಯಗಳಲ್ಲಿ 0–0 ಮತ್ತು 1–1 ಲೆಕ್ಕಕ್ಕಿಂತ ಹೆಚ್ಚು, 1–0 ಮತ್ತು 0–1 ಲೆಕ್ಕಕ್ಕಿಂತ ಕಡಿಮೆ ಬರುವುದನ್ನು ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಮಾರ್ಕ್ ಡಿಕ್ಸನ್ ಮತ್ತು ಸ್ಟುವರ್ಟ್ ಕೋಲ್ಸ್ 1997ರ ಪ್ರಬಂಧದಲ್ಲಿ ತಿದ್ದಿದರು. ಅವರ ತಿದ್ದುಪಡಿಯ ಚೆಲುವು ನೋಡಿ: ಬದಲಾಗುವುದು ಈ ನಾಲ್ಕೇ ಸ್ಕೋರು, ನಾಲ್ಕೂ ಒಂದೇ ಪ್ರಮಾಣದಲ್ಲಿ. ತಿದ್ದುಪಡಿಯ ಬಲ −0.10 ಎಂದಿಟ್ಟರೆ ನಮ್ಮ ಪಂದ್ಯದಲ್ಲಿ 0–0ಕ್ಕೂ 1–1ಕ್ಕೂ ತಲಾ 1.18% ಸೇರುತ್ತದೆ, ಅಷ್ಟನ್ನೇ 1–0ರಿಂದಲೂ 0–1ರಿಂದಲೂ ತೆಗೆಯಲಾಗುತ್ತದೆ. ಒಟ್ಟು ನೂರು ನೂರಾಗಿಯೇ ಉಳಿಯುತ್ತದೆ. 0–0ರ ದರ 14.9ರಿಂದ 12.7ಕ್ಕೆ, 1–1ರದ್ದು 8.45ರಿಂದ 7.7ಕ್ಕೆ ಇಳಿಯುತ್ತದೆ. ನಾಲ್ಕರಲ್ಲಿ ಎರಡೂ ಕಡೆ ಗೋಲು ಇರುವುದು 1–1ರಲ್ಲಿ ಮಾತ್ರ. ಆದ್ದರಿಂದ ‘ಎರಡೂ ತಂಡ ಗೋಲು’ 53.2ರಿಂದ 54.4%ಗೆ ಏರಿ, ದರ 1.84 ಆಗುತ್ತದೆ. ಸೊನ್ನೆ–ಸೊನ್ನೆ ಹೆಚ್ಚಿದರೂ ಎರಡೂ ಕಡೆ ಗೋಲು ಬರುವುದೂ ಹೆಚ್ಚುತ್ತದೆ ಎಂಬುದು ಕೇಳಲು ವಿಚಿತ್ರ, ಆದರೆ ಲೆಕ್ಕ ಸರಿ.

ಮುಗಿದ ಪಂದ್ಯದ ಎಕ್ಸ್‌ಜಿ ಎಂದರೆ ಪ್ರತಿ ಹೊಡೆತದ ಗೋಲು ಸಾಧ್ಯತೆಗಳ ಮೊತ್ತ; ಅದನ್ನು ನೇರವಾಗಿ ಸೂತ್ರಕ್ಕೆ ಹಾಕಿದರೆ ಮೋಸ ಹೋಗಬಹುದು. 1.6 ಎಂಬ ಮೊತ್ತ ತಲಾ 0.1 ಬೆಲೆಯ 16 ಸಾಧಾರಣ ಹೊಡೆತಗಳಿಂದ ಬಂದಿದ್ದರೆ ತಂಡ ಗೋಲಿಲ್ಲದೆ ಉಳಿಯುವ ಸಾಧ್ಯತೆ 18.5%, ಪಾಯ್ಸನ್‌ನ 20.2%ಗೆ ಹತ್ತಿರ. ತಲಾ 0.8ರ ಎರಡೇ ಸುವರ್ಣಾವಕಾಶಗಳಿಂದ ಬಂದಿದ್ದರೆ ಅದು ಬರೀ 4%! ಮೊತ್ತ ಒಂದೇ, ಪಂದ್ಯ ಬೇರೆ. ಮುಂದಿನ ಪಂದ್ಯಕ್ಕೆ ದರ ಹಾಕುವವರು ಹಲವು ಪಂದ್ಯಗಳ ಸರಾಸರಿ ತೆಗೆದು, ಎದುರಾಳಿಯ ರಕ್ಷಣೆಯನ್ನೂ ತವರಿನ ಅನುಕೂಲವನ್ನೂ ಸೇರಿಸಿಯೇ 1.6ಕ್ಕೆ ಬರುತ್ತಾರೆ. ಅಂದಹಾಗೆ, ಸ್ವಂತ ಗೋಲಿಗೆ ಎಕ್ಸ್‌ಜಿ ಇರುವುದಿಲ್ಲ, ಅಲ್ಲಿ ಎದುರಾಳಿ ಹೊಡೆದದ್ದೇ ಇಲ್ಲವಲ್ಲ. ಸ್ಕೋರಿನಲ್ಲಿ ಮಾತ್ರ ಅದು ಪೂರ್ತಿ ಗೋಲು.

ಬುಕ್ಕಿಯ ಪಾಲು ಎಷ್ಟೆಂದು ಕಂಡುಹಿಡಿಯಲು ಅವನನ್ನೇ ಕೇಳಬೇಕಿಲ್ಲ. ‘ಎರಡೂ ತಂಡ ಗೋಲು’ ಎಂಬುದಕ್ಕೆ ‘ಹೌದು’ 1.75, ‘ಇಲ್ಲ’ 2.05 ಎಂದಿದ್ದರೆ ಎರಡರ ವಿಲೋಮಗಳನ್ನು ಕೂಡಿಸಿ: 0.571 ಮತ್ತು 0.488, ಒಟ್ಟು 1.059. ನೂರರ ಮೇಲಿನ ಆ 5.9% ಅವನ ಅಂಚು. ಸ್ಕೋರುಗಳ ಪಟ್ಟಿಗೂ ಇದೇ ಉಪಾಯ. ಎಲ್ಲವನ್ನೂ ಕೂಡಿಸಬೇಕು, ಅಷ್ಟೇ. ಅಲ್ಲಿ ಅಂಚು ಸಾಮಾನ್ಯವಾಗಿ ಇನ್ನೂ ದಪ್ಪ. ನ್ಯಾಯವಾಗಿ 7.7 ಇರಬೇಕಾದ 1–1ಕ್ಕೆ 6.5 ಕೊಟ್ಟರೆ 11.8% ಅಥವಾ 13%ರ ಚರ್ಚೆಯೆಲ್ಲ ವ್ಯರ್ಥ, ಏಕೆಂದರೆ 6.5ರ ಅರ್ಥ 15.4%.

2022ರ ಡಿಸೆಂಬರ್ 18ರ ವಿಶ್ವಕಪ್ ಫೈನಲ್ ‘ಸರಿಯಾದ ಸ್ಕೋರು’ ಲೆಕ್ಕದಲ್ಲಿ 3–3 ಅಲ್ಲ ಎಂಬುದು ಗೊತ್ತೇ? ಈ ದರಗಳು ಸಾಮಾನ್ಯವಾಗಿ 90 ನಿಮಿಷ ಮತ್ತು ಅದರ ಕೊನೆಗೆ ರೆಫರಿ ಸೇರಿಸುವ ಸಮಯಕ್ಕೆ ಮಾತ್ರ; ಹೆಚ್ಚುವರಿ ಅವಧಿ ಬರುವುದಿಲ್ಲ. ಮೊದಲಾರ್ಧದಲ್ಲಿ ಫ್ರಾನ್ಸ್ ಒಂದು ಹೊಡೆತವನ್ನೂ ಹೊಡೆದಿರಲಿಲ್ಲ. ಅರ್ಜೆಂಟೀನಾ 2–0 ಮುಂದಿತ್ತು. ಎಂಬಾಪೆ 80 ಮತ್ತು 81ನೇ ನಿಮಿಷಗಳಲ್ಲಿ ಎರಡು ಹೊಡೆದ. ಹಿಂದೆ ಬಿದ್ದ ತಂಡ ಗೋಲು ಹೊಡೆಯುವ ವೇಗ ಇಡೀ ಪಂದ್ಯ ಒಂದೇ ಇರುವುದಿಲ್ಲ, ಸರಳ ಸೂತ್ರ ಮಾತ್ರ ಇರುತ್ತದೆ ಎಂದೇ ನಂಬಿರುತ್ತದೆ. ಮೆಸ್ಸಿಯ 108ನೇ ನಿಮಿಷದ ಗೋಲು, ಎಂಬಾಪೆಯ 118ನೇ ನಿಮಿಷದ ಪೆನಾಲ್ಟಿ ಎರಡೂ ದಾಖಲೆಯಲ್ಲಿವೆ, ಆದರೆ ದುಡ್ಡು ಸಂದದ್ದು 2–2 ಎಂದವರಿಗೆ.