ಬುಧವಾರ ಸಂಜೆ ಏಳರ ಆಟ

ನಮ್ಮ ಆಫೀಸಿನ ಫುಟ್‌ಬಾಲ್ ಲೀಗ್ ಮೊದಲ ಸಲ ಐದೇ ವಾರಕ್ಕೆ ನಿಂತುಹೋಗಿತ್ತು. ಡಿಪಾರ್ಟ್‌ಮೆಂಟಿಗೊಂದು ತಂಡ ಮಾಡಿದ್ದೆವು. ಟೆಸ್ಟಿಂಗ್‌ನವರಲ್ಲಿ ಇಬ್ಬರು ಬೆಂಗಳೂರಿನ ಆಸ್ಟಿನ್ ಟೌನಿನಲ್ಲಿ ಆಡಿ ಬೆಳೆದವರು. ಅಕೌಂಟ್ಸ್‌ನವರು ಕಾಲೇಜು ಬಿಟ್ಟ ಮೇಲೆ ಚೆಂಡು ಮುಟ್ಟಿದವರಲ್ಲ. ಮೂರನೇ ವಾರ 11-0 ಆಯಿತು. ನಾಲ್ಕನೇ ವಾರ ಅಕೌಂಟ್ಸ್‌ನವರಿಗೆಲ್ಲ ಒಟ್ಟಿಗೇ ತುರ್ತು ಕೆಲಸ ಬಂತು. ಐದನೇ ವಾರ ಹಿರಿಯರೊಬ್ಬರು ಕ್ಯಾಬಿನಿಂದ ಇಳಿದವರೇ ನೇರ ಆಟಕ್ಕೆ ನುಗ್ಗಿ, ಮೊದಲ ಓಟಕ್ಕೇ ಮೀನಖಂಡ ಹಿಡಿದು ಕೂತರು. "ಹಿಂದಿನಿಂದ ಯಾರಪ್ಪಾ ಒದ್ದಿದ್ದು?" ಎಂದು ಕೇಳಿದರು. ಹಿಂದೆ ಯಾರೂ ಇರಲಿಲ್ಲ. ಮೀನಖಂಡದ ಸ್ನಾಯು ಹರಿದಾಗ ಎಷ್ಟೋ ಜನರಿಗೆ ಹಾಗೇ ಅನ್ನಿಸುತ್ತದಂತೆ.

ಎರಡನೇ ಸಲ ಶುರು ಮಾಡುವಾಗ ಒಂದೇ ಒಂದು ದೊಡ್ಡ ಬದಲಾವಣೆ ಮಾಡಿದೆವು. ತಂಡಗಳು ವಾರವಾರವೂ ಹೊಸದು, ಅಂಕ ಮಾತ್ರ ಆಟಗಾರರ ಹೆಸರಿಗೆ. ಆ ಸಂಜೆ ನಿಮ್ಮ ತಂಡ ಗೆದ್ದ ಪ್ರತಿ ಪಂದ್ಯಕ್ಕೆ ನಿಮಗೆ 3, ಸಮವಾದರೆ 1.

ತಂಡ ಹಂಚುವುದು ಹೀಗೆ. ಪ್ರತಿಯೊಬ್ಬರಿಗೂ 1, 2 ಅಥವಾ 3 ಎಂಬ ದರ್ಜೆ. ಅದು ಲೀಗ್ ನಡೆಸುವ ಇಬ್ಬರಿಗಷ್ಟೇ ಗೊತ್ತು. ಒಂದು ಬುಧವಾರ 15 ಜನ ಬಂದರು: ಮೂರರವರು ನಾಲ್ವರು, ಎರಡರವರು ಆರು, ಒಂದರವರು ಐವರು. ಎಲ್ಲ ಕೂಡಿದರೆ 29. ಮೂರು ತಂಡಕ್ಕೆ 10, 10, 9 ಬರುವಂತೆ ಹಂಚಬೇಕು. ಗಟ್ಟಿ ಆಟಗಾರರು ಇಬ್ಬರಿರುವ ತಂಡಕ್ಕೆ ಒಬ್ಬ ಎರಡರವನು, ಇಬ್ಬರು ಒಂದರವರು. ಇನ್ನೊಂದಕ್ಕೆ ಒಬ್ಬ ಮೂರರವನು, ಮೂವರು ಎರಡರವರು, ಒಬ್ಬ ಒಂದರವನು. ಉಳಿದವರು ಕೊನೆಯ ತಂಡ. ಯಾವುದಾದರೂ ತಂಡ ಮೂರು ಗೋಲಿನ ಅಂತರದಲ್ಲಿ ಗೆಲ್ಲುತ್ತಲೇ ಹೋದರೆ ಯಾರದೋ ದರ್ಜೆ ತಪ್ಪಾಗಿದೆ ಎಂದೇ ಅರ್ಥ. ಮುಂದಿನ ವಾರ ಸದ್ದಿಲ್ಲದೆ ತಿದ್ದುತ್ತೇವೆ.

ಗೆದ್ದವರೇ ಮೈದಾನದಲ್ಲಿ ಉಳಿಯುವ ಗಲ್ಲಿ ನಿಯಮ ನಮಗೆ ಬೇಡವಾಯಿತು. ಅದರಲ್ಲಿ ಬಲಿಷ್ಠರು ದಣಿಯುವ ತನಕ ಓಡುತ್ತಾರೆ, ಉಳಿದವರು ಬೇಲಿಗೊರಗಿ ತಣ್ಣಗಾಗುತ್ತಾರೆ. ಕಾಲು ಕೈಕೊಡುವುದು ಈ ಎರಡು ಸ್ಥಿತಿಯಲ್ಲೇ. ಈಗ ಒಂದು ಗಂಟೆಯ ಟರ್ಫ್ ಬುಕಿಂಗಿನಲ್ಲಿ ಎಂಟು ನಿಮಿಷದ ಆರು ಪಂದ್ಯ. ಪ್ರತಿ ತಂಡವೂ ಎರಡು ಆಡಿ ಒಂದಕ್ಕೆ ಕೂರುತ್ತದೆ. ಒಬ್ಬೊಬ್ಬರಿಗೂ 32 ನಿಮಿಷದ ಆಟ. ದಿನವಿಡೀ ಕುರ್ಚಿಯಲ್ಲಿದ್ದ ಮೈಗೆ ಅದು ಧಾರಾಳ.

ಮೈ ಬಿಸಿ ಮಾಡಿಕೊಳ್ಳುವುದು ಬುಕಿಂಗಿನ ಸಮಯದಲ್ಲಲ್ಲ, ಅದಕ್ಕೂ ಮೊದಲು ಪಾರ್ಕಿಂಗ್ ಜಾಗದಲ್ಲಿ. ಇಲ್ಲದಿದ್ದರೆ 'ದುಡ್ಡು ಕೊಟ್ಟಿದ್ದೇವೆ, ಆಡೋಣ ನಡಿ' ಅಂತ ಎಲ್ಲರೂ ಅದನ್ನು ಹಾರಿಸಿಬಿಡುತ್ತಾರೆ. ಫಿಫಾದ '11+' ಎಂಬ ವ್ಯಾಯಾಮಕ್ರಮ ಸುಮಾರು 20 ನಿಮಿಷದ್ದು: ನಿಧಾನದ ಓಟ, ಬಲ ಮತ್ತು ಸಮತೋಲನದ ಕಸರತ್ತು, ಕೊನೆಗೆ ವೇಗದ ಓಟ. ಅದನ್ನು ನಾವು ಹನ್ನೆರಡು ನಿಮಿಷಕ್ಕೆ ಇಳಿಸಿಕೊಂಡಿದ್ದೇವೆ. ಆದರೆ ಒಂಟಿಕಾಲಲ್ಲಿ ನಿಲ್ಲುವುದನ್ನೂ ತೊಡೆಯ ಹಿಂಬದಿಯ ಸ್ನಾಯುವಿನ ಕಸರತ್ತನ್ನೂ ಬಿಟ್ಟಿಲ್ಲ. ತಡವಾಗಿ ಬಂದವರು ಮೊದಲ ಪಂದ್ಯಕ್ಕೆ ಗೋಲ್‌ಕೀಪರ್.

ನೆಲಕ್ಕೆ ಜಾರಿ ಚೆಂಡು ಕಸಿಯುವಂತಿಲ್ಲ, ಹಿಂದಿನಿಂದ ಕಾಲು ಹಾಕುವಂತಿಲ್ಲ. ಶೂ ವಿಷಯದಲ್ಲೂ ಕಟ್ಟುನಿಟ್ಟು. ಉದ್ದನೆ ಸ್ಟಡ್ ಕೃತಕ ಹುಲ್ಲಿನಲ್ಲಿ ಕಚ್ಚಿಕೊಂಡು, ಪಾದ ನಿಂತಲ್ಲೇ ನಿಂತು ಮಂಡಿ ಮಾತ್ರ ತಿರುಗಬಹುದು. ಜಾಗಿಂಗ್ ಶೂನ ದಪ್ಪ ಅಡಿಯಲ್ಲಿ ಪಕ್ಕಕ್ಕೆ ತಿರುಗುವಾಗ ಕಾಲು ಉಳುಕುತ್ತದೆ. ಚಿಕ್ಕ ಚಿಕ್ಕ ರಬ್ಬರ್ ಗುಬ್ಬಿಗಳಿರುವ ಟರ್ಫ್ ಶೂ ಸರಿ.

ಇಷ್ಟಾದರೂ ಕಾಲು ಉಳುಕುತ್ತದೆ. ಉಳುಕಿದವರು ಆ ದಿನ ಮತ್ತೆ ಆಡುವಂತಿಲ್ಲ. ನಾಲ್ಕು ಹೆಜ್ಜೆ ಊರಿ ನಡೆಯಲಾಗದಿದ್ದರೆ, ಇಲ್ಲವೇ ಹರಡಿನ ಎರಡೂ ಬದಿ ಉಬ್ಬಿರುವ ಎಲುಬಿನ ಹಿಂಚನ್ನು ಒತ್ತಿದಾಗ ನೋವಾದರೆ, ಎಕ್ಸ್‌ರೇಗೆ ಕರೆದೊಯ್ಯುತ್ತೇವೆ. ಡಾಕ್ಟರುಗಳೂ ನೋಡುವುದು ಬಹುಮಟ್ಟಿಗೆ ಇದನ್ನೇ. ಪಾದದ ನಡುಭಾಗ ನೋಯುತ್ತಿದ್ದರೂ ತೋರಿಸಿಬಿಡುವುದು ವಾಸಿ.

ನಮಗೆ ತಡವಾಗಿ ಹೊಳೆದ ಸಂಗತಿಯೆಂದರೆ, ಅಂಕಪಟ್ಟಿಯೇ ಜನರನ್ನು ಕುಂಟಿಸುತ್ತದೆ. ಎರಡು ವಾರ ತಪ್ಪಿದರೆ ಹಿಂದೆ ಬೀಳುತ್ತೇವೆಂದು ಒಬ್ಬ ಹುಡುಗ ಪಟ್ಟಿ ಸುತ್ತಿಕೊಂಡೇ ಆಡಿದ್ದ. ಎರಡನೇ ಸಲ ಅದೇ ಕಾಲು. ಅಂದಿನಿಂದ ಹನ್ನೆರಡು ವಾರದ ಲೀಗಿನಲ್ಲಿ ಪ್ರತಿಯೊಬ್ಬರ ಅತ್ಯುತ್ತಮ ಎಂಟು ವಾರಗಳ ಅಂಕವಷ್ಟೇ ಲೆಕ್ಕ. ನಾಲ್ಕು ವಾರ ಮನೆಯಲ್ಲಿ ಕೂತರೂ ನಷ್ಟವಿಲ್ಲ. ಮೀನಖಂಡ ಹಿಡಿದು ಕೂತಿದ್ದ ಆ ಹಿರಿಯರು ಹೋದ ಸಲ ಸರಿಯಾಗಿ ಎಂಟೇ ವಾರ ಬಂದು, ಪಟ್ಟಿಯಲ್ಲಿ ನನಗಿಂತ ಎರಡು ಸ್ಥಾನ ಮೇಲಿದ್ದರು.