ನಲವತ್ತು ಲಕ್ಷ ವರದಿಗಳನ್ನು ಸಾಗಿಸುವ ಮುನ್ನ ಒಂದು ಪತ್ರ

ಒಂದು ಆಸ್ಪತ್ರೆಯ ಲ್ಯಾಬ್ ಎಂದಿಟ್ಟುಕೊಳ್ಳಿ. ಹೊಸ ಸಾಫ್ಟ್‌ವೇರ್ ಬಂದಿದೆ, ಆದರೆ ಹಿಂದಿನ 12 ವರ್ಷಗಳ ರಕ್ತ, ಮೂತ್ರ ಪರೀಕ್ಷೆಯ ವರದಿಗಳೆಲ್ಲ ಹಳೆಯದರಲ್ಲೇ ಉಳಿದಿವೆ. ರೋಗಿಯ ಸಕ್ಕರೆ ಪ್ರಮಾಣ ಐದು ವರ್ಷದಲ್ಲಿ ಹೇಗೆ ಏರಿತು ಎಂದು ನೋಡಲು ವೈದ್ಯರು ಎರಡು ಕಡೆ ಹುಡುಕಬೇಕು. ಹಳೆಯದನ್ನೆಲ್ಲ ಒಂದೇ ಸಲ ಹೊಸದಕ್ಕೆ ತರುವ ಕೆಲಸವನ್ನು ಐಟಿಯವರು ಹಿಸ್ಟಾರಿಕಲ್ ಸಿಂಕ್ ಎನ್ನುತ್ತಾರೆ. ದಿನದಿನದ ಸಿಂಕ್‌ನಲ್ಲಿ ಹೋಗುವುದು ಕೆಲವು ನೂರು ವರದಿ. ಇಲ್ಲಿರುವುದು 40 ಲಕ್ಷ.

ಇದಕ್ಕೆ ಲ್ಯಾಬ್ ಮುಖ್ಯಸ್ಥರು ಐಟಿ ವಿಭಾಗಕ್ಕೆ ಪತ್ರ ಬರೆಯಬೇಕು. ಸಾಮಾನ್ಯವಾಗಿ ಬರುವ ಪತ್ರ ಹೀಗಿರುತ್ತದೆ: ‘ಈ ವಾರಾಂತ್ಯ ಸಿಸ್ಟಂ ಸ್ವಲ್ಪ ಹೊತ್ತು ನಮಗೆ ಬಿಟ್ಟುಕೊಡಿ.’ ಇದರಲ್ಲಿ ಎರಡು ಬೇರೆ ಬೇರೆ ಬೇಡಿಕೆಗಳು ಕಲಸಿಹೋಗಿವೆ. ಮೆಂಟೆನೆನ್ಸ್ ವಿಂಡೋ ಎಂದರೆ ಯಂತ್ರದ ಸಮಯ: ಇಷ್ಟು ಗಂಟೆ ಬೇರೆ ಯಾರೂ ಸಿಸ್ಟಂ ಬಳಸುವುದಿಲ್ಲ. ಚೇಂಜ್ ಫ್ರೀಜ್ ಎಂದರೆ ಮನುಷ್ಯರ ಕೈಗೆ ತಡೆ: ಇಷ್ಟು ದಿನ ಯಾರೂ ಅದರಲ್ಲಿ ಏನನ್ನೂ ಬದಲಿಸುವುದಿಲ್ಲ. ಮೊದಲನೆಯದು ಗಂಟೆಗಳ ಲೆಕ್ಕ, ಎರಡನೆಯದು ದಿನಗಳ ಲೆಕ್ಕ.

ಗಂಟೆಗಳನ್ನು ಅಂದಾಜಿನ ಮೇಲೆ ಕೇಳಬಾರದು. ಪರೀಕ್ಷಾ ಸರ್ವರ್‌ನಲ್ಲಿ ಒಂದು ಲಕ್ಷ ವರದಿ ಸಾಗಿಸಲು 6 ನಿಮಿಷ ಹಿಡಿದರೆ 40 ಲಕ್ಷಕ್ಕೆ 240 ನಿಮಿಷ, ಅಂದರೆ 4 ಗಂಟೆ. ಡೇಟಾಬೇಸ್ ತುಂಬುತ್ತಾ ಹೋದಂತೆ ವೇಗ ಇಳಿಯಬಹುದು. ಹಾಗಾಗಿ 5 ಗಂಟೆ ಇಟ್ಟುಕೊಳ್ಳುವುದು ಜಾಣತನ. ಶನಿವಾರ ರಾತ್ರಿ 9ರಿಂದ 10ರವರೆಗೆ ಬ್ಯಾಕಪ್, ಆಮೇಲೆ 3ರವರೆಗೆ ಸಾಗಣೆ, 4ರವರೆಗೆ ತಾಳೆ ನೋಡುವುದು. ಕೊನೆಯ ಎರಡು ಗಂಟೆ, 6ರವರೆಗೆ, ಕೆಲಸ ಕೆಟ್ಟರೆ ಬ್ಯಾಕಪ್‌ನಿಂದ ಹಿಂದಿನ ಸ್ಥಿತಿಗೆ ಮರಳಲು. ಈ ಎರಡು ಗಂಟೆಯನ್ನು ಬಿಟ್ಟು ಬರೆದ ಪತ್ರಕ್ಕೆ ಅನುಭವಿ ಐಟಿ ಮ್ಯಾನೇಜರ್ ಒಪ್ಪುವುದು ಕಷ್ಟ.

ಎಲ್ಲಿ ನಿಲ್ಲಿಸಬೇಕು ಎಂಬುದನ್ನೂ ಮೊದಲೇ ಬರೆದಿಡಬೇಕು. ‘ರಾತ್ರಿ 12.30ಕ್ಕೆ 20 ಲಕ್ಷ ದಾಟದಿದ್ದರೆ ನಿಲ್ಲಿಸುತ್ತೇವೆ. 4 ಗಂಟೆಗೆ ತಾಳೆಯಾಗದಿದ್ದರೆ ಹಿಂದಿರುಗುತ್ತೇವೆ.’ ನಡುರಾತ್ರಿ ನಿದ್ದೆಗಣ್ಣಿನಲ್ಲಿ ‘ಇನ್ನೊಂದರ್ಧ ಗಂಟೆ ನೋಡೋಣ’ ಎನ್ನುವ ಆಸೆಗೆ ಈ ಎರಡು ಸಾಲು ಕಡಿವಾಣ. ತುರ್ತು ಚಿಕಿತ್ಸಾ ವಿಭಾಗ ರಾತ್ರಿಯೂ ತೆರೆದಿರುತ್ತದಲ್ಲ. ಆ ಹೊತ್ತಿನ ವರದಿಗಳನ್ನು ಕಾಗದದ ರಿಜಿಸ್ಟರ್‌ನಲ್ಲಿ ಬರೆದು ಬೆಳಿಗ್ಗೆ ಯಾರು ಕಂಪ್ಯೂಟರ್‌ಗೆ ಏರಿಸುತ್ತಾರೆ ಎಂಬುದೂ ಪತ್ರದಲ್ಲಿರಬೇಕು.

ಇನ್ನು ಫ್ರೀಜ್. ಶನಿವಾರ ಮಧ್ಯಾಹ್ನ ಯಾರೋ ಖಾಲಿಹೊಟ್ಟೆಯ ಸಕ್ಕರೆ ಪರೀಕ್ಷೆಯ ಕೋಡನ್ನು GLU-F ಎಂಬುದರಿಂದ FBS ಎಂದು ಬದಲಿಸಿದರು ಅನ್ನಿ. ಹಳೆಯ ಸಕ್ಕರೆ ವರದಿಗಳು ಹುಡುಕುವುದು GLU-F ಅನ್ನು, ಅದೀಗ ಇಲ್ಲ. ಅವು ತಿರಸ್ಕೃತವಾಗುತ್ತವೆ, ಇಲ್ಲವೇ ಹೆಸರಿಲ್ಲದೆ ಒಳಸೇರುತ್ತವೆ. ಎರಡನೆಯದೇ ಹೆಚ್ಚು ಅಪಾಯ, ಏಕೆಂದರೆ ಪರದೆಯಲ್ಲಿ ಯಾವ ದೋಷವೂ ಕಾಣುವುದಿಲ್ಲ. ಆದ್ದರಿಂದ ಫ್ರೀಜ್ ಶನಿವಾರ ಅಲ್ಲ, ಕೊನೆಯ ತಾಲೀಮಿಗೂ ಮೊದಲು, ಬುಧವಾರ ಸಂಜೆಯೇ ಶುರುವಾಗಬೇಕು. ತಾಲೀಮಿನ ನಂತರ ಏನಾದರೂ ಬದಲಾದರೆ ಆ ತಾಲೀಮಿಗೆ ಬೆಲೆಯಿಲ್ಲ. ಮುಗಿಯುವುದು ಮಂಗಳವಾರ ಸಂಜೆ: ಸೋಮವಾರ ತೊಂದರೆ ಕಂಡರೆ ಕಾರಣ ಸಿಂಕ್ ಒಂದೇ ಎಂದು ಖಚಿತವಾಗಿ ಹುಡುಕಬಹುದು. ಪರೀಕ್ಷೆಗಳ ಕೋಡ್, ಸಾಫ್ಟ್‌ವೇರ್ ಅಪ್‌ಡೇಟ್, ಫೈರ್‌ವಾಲ್ ನಿಯಮ, ಸಿಂಕ್ ಬಳಸುವ ಖಾತೆಯ ಪಾಸ್‌ವರ್ಡ್ – ತಡೆ ಯಾವುದಕ್ಕೆ ಎಂದು ಹೆಸರಿಸಿ ಬರೆಯಬೇಕು. ತುರ್ತು ಭದ್ರತಾ ದುರಸ್ತಿ ಬಂದರೆ ಅನುಮತಿ ಕೊಡುವವರು ಯಾರು ಎಂದು ಒಬ್ಬರ ಹೆಸರೂ ಬೇಕು.

ಮರೆಯುವಂತಿಲ್ಲದ ಇನ್ನೊಂದು ಸಾಲು: ಎಸ್‌ಎಂಎಸ್ ಸೇವೆ ನಿಲ್ಲಿಸಿ. ಹೊಸ ವರದಿ ಸೇರಿದ ಕೂಡಲೇ ರೋಗಿಗೆ ಸಂದೇಶ ಹೋಗುವ ವ್ಯವಸ್ಥೆಯಿದ್ದರೆ, ಸಿಸ್ಟಂ ಕಣ್ಣಿಗೆ 2014ರ ವರದಿಯೂ ಹೊಸದೇ. ‘ನಿಮ್ಮ ವರದಿ ಸಿದ್ಧ’ ಎಂದು ನಡುರಾತ್ರಿ ಲಕ್ಷಾಂತರ ಫೋನ್‌ಗಳು ಸದ್ದು ಮಾಡಬಹುದು. ತೀರಿಹೋದವರ ಮನೆಯ ಫೋನ್‌ಗಳೂ ಅದರಲ್ಲಿರುತ್ತವೆ.

ಕೊನೆಗೆ ತಾಳೆ. ಆ ಕಡೆ 40 ಲಕ್ಷ, ಈ ಕಡೆಯೂ 40 ಲಕ್ಷ ಎಂದರೆ ಸಾಲದು. ಒಂದು ಸಿಸ್ಟಂ ಭಾರತೀಯ ಸಮಯವನ್ನೂ ಇನ್ನೊಂದು ಅಂತರರಾಷ್ಟ್ರೀಯ ಯುಟಿಸಿ ಸಮಯವನ್ನೂ ಬಳಸುತ್ತಿದ್ದು, ನಡುವಿನ ಐದೂವರೆ ಗಂಟೆಯನ್ನು ಪರದೆಯಲ್ಲಿ ಮತ್ತೆ ಕೂಡಿಸದಿದ್ದರೆ, 10ನೇ ತಾರೀಖು ನಸುಕಿನ 2 ಗಂಟೆಯ ವರದಿ 9ರ ರಾತ್ರಿ 8.30ರದ್ದಾಗಿ ತೋರುತ್ತದೆ. ಒಟ್ಟು ಸಂಖ್ಯೆ ಸರಿಯಾಗೇ ಇರುತ್ತದೆ, ದಿನವಾರು ಸಂಖ್ಯೆ ತಪ್ಪುತ್ತದೆ. ಅದಕ್ಕೇ ದಿನಕ್ಕೆಷ್ಟು, ಪರೀಕ್ಷೆವಾರು ಎಷ್ಟು ಎಂದು ಎಣಿಸಬೇಕು. ಜತೆಗೆ ಕೆಲವು ವರದಿಗಳನ್ನು ತೆರೆದು ಅಂಕಿ, ಅಳತೆಯ ಮಾನ, ರೋಗಿಯ ಹೆಸರು ಮೂರನ್ನೂ ಹೋಲಿಸಬೇಕು. ಹೋಲಿಸುವವರು ಲ್ಯಾಬ್‌ನವರೇ ಆಗಿರಲಿ: ಸಂಖ್ಯೆ ಕೂಡಿತು ಎಂದು ಐಟಿಯವರು ಹೇಳಬಲ್ಲರು, ವರದಿ ಸರಿಯಿದೆ ಎಂದು ಹೇಳಬೇಕಾದವರು ಲ್ಯಾಬ್‌ನವರು. ಅವರ ಸಹಿ ಬಿದ್ದ ಮೇಲಷ್ಟೇ ಫ್ರೀಜ್ ತೆರವು ಎಂದು ಪತ್ರದಲ್ಲೇ ಬರೆದಿಡುವುದು ಎರಡೂ ಕಡೆಯವರಿಗೆ ಕ್ಷೇಮ.